ಹಾಲೋ ಬ್ಲಾಕ್ ಗೋಡೆ: ಒಂದು ರಂಧ್ರಕ್ಕೆ ಮೂರು ಬಕೆಟ್

ಹಾಲೋ ಬ್ಲಾಕ್‌ನ ಗೋಡೆ ಮೇಲಿನಿಂದ ಬರುವ ಭಾರವನ್ನು ಸಲೀಸಾಗಿ ಹೊರುತ್ತದೆ, ಪಕ್ಕದಿಂದ ತಳ್ಳಿದರೆ ಸೋಲುತ್ತದೆ. ಗಾಳಿ ಬೀಸಿದಾಗ ಒಂದು ಮುಖ ಒತ್ತಿಕೊಂಡು ಇನ್ನೊಂದು ಮುಖ ಹಿಗ್ಗುತ್ತದೆ. ಹಿಗ್ಗುವ ಕಡೆ ಎರಡು ವರಸೆಗಳ ನಡುವಿನ ಗಾರೆ ಬಿಟ್ಟುಕೊಳ್ಳುತ್ತದೆ. ಮೇಲೆ ಚಾವಣಿಯ ಭಾರವಿಲ್ಲದ ಕಾಂಪೌಂಡ್ ಗೋಡೆಗೆ ಈ ಅಪಾಯ ಹೆಚ್ಚು. ಬ್ಲಾಕಿನ ರಂಧ್ರಗಳಲ್ಲಿ ಕಂಬಿ ನಿಲ್ಲಿಸಿ ಕಾಂಕ್ರೀಟ್ ತುಂಬಿದರೆ ಆ ಎಳೆತವನ್ನು ಕಂಬಿ ತೆಗೆದುಕೊಳ್ಳುತ್ತದೆ. ಆದರೆ ತುಂಬಿದ್ದು ಕಣ್ಣಿಗೆ ಕಾಣುವುದಿಲ್ಲ. ಒಳಗೆ ನಿಜವಾಗಿ ಎಷ್ಟು ಹೋಯಿತು ಎಂದು ತಿಳಿಯಲು ಮನೆ ಕಟ್ಟಿಸುವವರ ಕೈಯಲ್ಲಿರುವ ಸುಲಭ ದಾರಿ ಲೆಕ್ಕ.

ಆರು ಮೀಟರ್ ಉದ್ದ, ಎರಡು ಮೀಟರ್ ಎತ್ತರದ ಒಂದು ಕಾಂಪೌಂಡ್ ಗೋಡೆ ತೆಗೆದುಕೊಳ್ಳೋಣ. ಬ್ಲಾಕ್ ಎಂಟು ಇಂಚಿನದು. ಗಾರೆಯ ಸಂದು ಸೇರಿ 400 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ. ಹತ್ತು ವರಸೆ ಬರುತ್ತದೆ. ಪ್ರತಿ ಬ್ಲಾಕಿಗೆ ಎರಡು ರಂಧ್ರಗಳಿರುವುದರಿಂದ ಉದ್ದಕ್ಕೂ 30 ರಂಧ್ರಗಳು. ಒಂದು ವರಸೆಯ ಸಂದು ಕೆಳಗಿನ ಬ್ಲಾಕಿನ ನಡುವಿಗೆ ಬಂದರೂ ರಂಧ್ರದ ಮೇಲೆ ರಂಧ್ರವೇ ಕೂರುತ್ತದೆ, ಹಾಗಾಗಿ ಪಾಯದಿಂದ ತುದಿಯವರೆಗೆ ನೇರವಾದ ಕೊಳವೆ ಸಿಗುತ್ತದೆ.

ಸುಮಾರು 1.2 ಮೀಟರಿಗೊಂದು ಕಂಬಿ ಎಂದು ಎಂಜಿನಿಯರ್ ಹೇಳಿದ್ದಾರೆ ಎಂದುಕೊಳ್ಳಿ. ಟೇಪು ಹಿಡಿಯುವುದಕ್ಕಿಂತ ರಂಧ್ರಗಳನ್ನು ಎಣಿಸುವುದು ಸುಲಭ: 1, 7, 13, 19, 25 ಮತ್ತು ಕೊನೆಯ 30ನೆಯದು. ಕೊನೆಯ ಅಂತರ ಒಂದೇ ಮೀಟರ್ ಆಗುತ್ತದೆ, ಅದರಿಂದ ತೊಂದರೆಯಿಲ್ಲ. ಒಟ್ಟು ಆರು ರಂಧ್ರ, ಆರು ಕಂಬಿ.

ಈಗ ಕಾಂಕ್ರೀಟಿನ ಲೆಕ್ಕ. ನಮ್ಮ ಬ್ಲಾಕಿನ ರಂಧ್ರ 15 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ಎರಡು ಮೀಟರ್ ಎತ್ತರಕ್ಕೆ ಇದರಲ್ಲಿ 36 ಲೀಟರ್ ಹಿಡಿಯುತ್ತದೆ, ಅಂದರೆ 12 ಲೀಟರಿನ ಬಕೆಟ್‌ನಲ್ಲಿ ಸರಿಯಾಗಿ ಮೂರು ಬಕೆಟ್. ಆರು ರಂಧ್ರಕ್ಕೆ 216 ಲೀಟರ್. ಚೆಲ್ಲುವುದು, ಸೋರುವುದಕ್ಕೆ ಹತ್ತರಷ್ಟು ಪ್ರತಿಶತ ಸೇರಿಸಿ ಸುಮಾರು 240 ಲೀಟರ್ ಇಟ್ಟುಕೊಳ್ಳಬೇಕು. 1:1.5:3 ಮಿಶ್ರಣದಲ್ಲಿ ಇದಕ್ಕೆ ಹತ್ತಿರ ಹತ್ತಿರ ಎರಡು ಚೀಲ ಸಿಮೆಂಟ್. ಮೂವತ್ತೂ ರಂಧ್ರ ತುಂಬಿದರೆ ಐದು ಪಟ್ಟು ಬೇಕಾಗುತ್ತದೆ. ಬ್ಲಾಕಿನ ರಂಧ್ರ ಒಂದು ಬದಿಗೆ ಕಿರಿದಾಗುವುದುಂಟು, ಆದ್ದರಿಂದ ನಿಮ್ಮ ಬ್ಲಾಕನ್ನು ಎರಡೂ ಬದಿ ಅಳೆದು ಸರಾಸರಿ ಹಿಡಿಯಿರಿ.

ಕಂಬಿಯ ತೂಕಕ್ಕೆ ಸೈಟಿನಲ್ಲಿ ಎಲ್ಲರೂ ಬಳಸುವ ಸೂತ್ರವಿದೆ: ದಪ್ಪವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿ.ಮೀ. ಕಂಬಿಗೆ ಅದು 0.89 ಕಿಲೋ. ಗೋಡೆಯೊಳಗೆ ಎರಡು ಮೀಟರ್ ತುಂಡು. ಅದರ ಜೊತೆ ಪಾಯದಿಂದಲೇ ಎದ್ದು ಬರುವ 1.3 ಮೀಟರಿನ ತುಂಡು ಬೇಕು: 30 ಸೆಂ.ಮೀ. ಮಡಿಕೆ, 40 ಸೆಂ.ಮೀ. ಪಾಯದ ಕಾಂಕ್ರೀಟಿನಲ್ಲಿ, 60 ಸೆಂ.ಮೀ. ಮೇಲಿನ ಕಂಬಿಯ ಜೊತೆ ಜೋಡಿಯಾಗಿ. ಆರಕ್ಕೆ ಒಟ್ಟು 19.8 ಮೀಟರ್, 17.6 ಕಿಲೋ. ಅಂಗಡಿಯಲ್ಲಿ ಕಂಬಿ 12 ಮೀಟರ್ ಉದ್ದಕ್ಕೆ ಸಿಗುವುದರಿಂದ ಎರಡು ಕಂಬಿ, ಸುಮಾರು 21 ಕಿಲೋ ಕೊಳ್ಳಬೇಕು. ಒಂದು ಕಂಬಿಯಲ್ಲಿ ಗೋಡೆಯ ಆರೂ ತುಂಡುಗಳು ಬರುತ್ತವೆ, ಇನ್ನೊಂದರಲ್ಲಿ ಪಾಯದ ತುಂಡುಗಳು ಹೋಗಿ ನಾಲ್ಕು ಮೀಟರ್ ಚಿಲ್ಲರೆ ಉಳಿಯುತ್ತದೆ. ತೂಕ ಉಳಿಸಲು ಪಾಯದ ತುಂಡನ್ನು ಬಿಡುವುದು ದೊಡ್ಡ ತಪ್ಪು. ಗಾಳಿಯ ಒತ್ತಡಕ್ಕೆ ಗೋಡೆ ಬಾಗಲು ಹೊರಡುವುದು ಬುಡದಲ್ಲೇ.

ತುಂಬುವಾಗ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಬ್ಲಾಕ್ ಕೂರಿಸುವಾಗ ಒಳಗೆ ಬಿದ್ದ ಗಾರೆ ಬುಡದಲ್ಲಿ ಗಟ್ಟಿಯಾಗಿ ಕೂರುತ್ತದೆ, ಸಂದುಗಳಿಂದ ಒಳಕ್ಕೆ ಚಾಚಿದ ಗಾರೆ ದಾರಿ ಕಟ್ಟುತ್ತದೆ. ಇದಕ್ಕೆ ಕಂಬಿ ಬರುವ ಕಡೆ ಮೊದಲ ವರಸೆಯ ಬ್ಲಾಕಿನ ಮುಖದಲ್ಲಿ ಒಂದು ಕಿಂಡಿ ಬಿಟ್ಟು, ಕಸ ತೆಗೆದು, ತುಂಬುವ ಮುಂಚೆ ಹಲಗೆಯಿಂದ ಮುಚ್ಚಬೇಕು. ಎರಡು, ಕಾಂಕ್ರೀಟ್ ಗಟ್ಟಿಯಾಗಿ ಕಲಸಿರುತ್ತದೆ. ಬ್ಲಾಕ್ ನೀರು ಹೀರುವುದರಿಂದ ಗಟ್ಟಿ ಮಿಶ್ರಣ ನಡುವೆಯೇ ಸಿಕ್ಕಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ. 10 ಮಿ.ಮೀ.ಗಿಂತ ದಪ್ಪವಿಲ್ಲದ ಸಣ್ಣ ಜಲ್ಲಿ ಹಾಕಿ, ಸುರಿದರೆ ಹರಿಯುವಷ್ಟು ಸಡಿಲವಾಗಿ ಕಲಸಬೇಕು. ಒಂದು ಮೀಟರ್ ಗೋಡೆ ಎದ್ದ ಮೇಲೆ ಒಮ್ಮೆ, ಉಳಿದದ್ದು ಎದ್ದ ಮೇಲೆ ಇನ್ನೊಮ್ಮೆ ತುಂಬಿ, ಪ್ರತಿ ಸಲ ಸಣ್ಣ ಸರಳಿನಿಂದ ಚುಚ್ಚಿ ಕೂರಿಸಬೇಕು. ಕಂಬಿ ರಂಧ್ರದ ನಡುವೆಯೇ ಇರಲಿ, ಏಕೆಂದರೆ ಗಾಳಿ ಎರಡೂ ಕಡೆಯಿಂದ ಬರುತ್ತದೆ.

ಮೊದಲ ಮೀಟರಿಗೆ ಪ್ರತಿ ರಂಧ್ರವೂ ಒಂದೂವರೆ ಬಕೆಟ್ ಕುಡಿಯಬೇಕು. ಯಾವುದಾದರೂ ಒಂದೇ ಬಕೆಟ್ಟಿಗೆ ತುಂಬಿ ನಿಂತರೆ ಅದು ನಡುವೆ ಕಟ್ಟಿಕೊಂಡಿದೆ ಎಂದರ್ಥ. ಎರಡು ಬಕೆಟ್ ಮೀರಿದರೆ ಪಕ್ಕದ ರಂಧ್ರಕ್ಕೆ ಸೋರುತ್ತಿದೆ. ಅನುಮಾನ ಬಂದ ರಂಧ್ರದ ಮೇಲೆ ಮರುದಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು ಜಾಗವನ್ನು ತೋರಿಸುತ್ತದೆ. ಅಲ್ಲಿ ಬ್ಲಾಕಿನ ಮುಖ ಒಡೆದು ತುಂಬಬಹುದು.

ಈ ಲೆಕ್ಕ ಎರಡೂ ಕಡೆ ನೆಲ ಸಮನಾಗಿರುವ ಗೋಡೆಗೆ ಮಾತ್ರ. ಒಂದು ಕಡೆ ಮಣ್ಣು ಏರಿಸಿದ್ದರೆ, ಮಳೆಯಲ್ಲಿ ನೆಂದ ಮಣ್ಣಿನ ಒತ್ತಡ ಗಾಳಿಗಿಂತ ಬಹಳ ಹೆಚ್ಚು. ಆಗ ಪಾಯ, ಕಂಬಿ, ನೀರು ಹೋಗುವ ತೂತು ಎಲ್ಲವನ್ನೂ ಎಂಜಿನಿಯರಿಂದ ಹೊಸದಾಗಿ ಲೆಕ್ಕ ಹಾಕಿಸಬೇಕು.