ಸಾಲ ತೀರಿದೆ ಎನ್ನುವುದಕ್ಕೆ ಕಾಗದ

ಮಗಳನ್ನು ನೋಡಲು ಇಂಗ್ಲೆಂಡಿಗೆ ಹೊರಟ ಹಾಸನದ ರೈತರೊಬ್ಬರು ಅಂತ ಇಟ್ಟುಕೊಳ್ಳಿ. ಕಳೆದ ತಿಂಗಳಷ್ಟೇ ಟ್ರ್ಯಾಕ್ಟರ್ ಸಾಲದ ಬಾಕಿ 4 ಲಕ್ಷ ರೂಪಾಯಿಯನ್ನು ಒಂದೇ ಕಂತಿನಲ್ಲಿ ಕಟ್ಟಿದ್ದಾರೆ. ವೀಸಾ ಅಧಿಕಾರಿಗೆ ಕಾಣುವುದು ಪಾಸ್‌ಬುಕ್ಕಿನಿಂದ ದಿಢೀರನೆ ಹೋದ ಹಣ ಮಾತ್ರ. ಅದು ಎಲ್ಲಿಗೆ ಹೋಯಿತು ಎಂಬುದನ್ನು ಸಾಲ ಕೊಟ್ಟ ಸೊಸೈಟಿಯೇ ಬರೆದುಕೊಡಬೇಕು.

ಅರ್ಜಿ ಉದ್ದ ಬೇಡ, ಇಷ್ಟು ಸಾಕು: "ಮಾನ್ಯರೇ, ನನ್ನ ಟ್ರ್ಯಾಕ್ಟರ್ ಸಾಲವನ್ನು (ಖಾತೆ ಸಂಖ್ಯೆ ...) ದಿನಾಂಕ ... ರಂದು ಪೂರ್ತಿ ತೀರಿಸಿದ್ದೇನೆ. ವೀಸಾ ಅರ್ಜಿಗೆ ಲಗತ್ತಿಸಲು ಸಾಲ ಮುಕ್ತಾಯದ ಪ್ರಮಾಣಪತ್ರ ಹಾಗೂ ಸಾಲ ಮಂಜೂರಾದಂದಿನಿಂದ ಮುಕ್ತಾಯದವರೆಗಿನ ಮರುಪಾವತಿ ವಿವರವನ್ನು ಲೆಟರ್‌ಹೆಡ್‌ನಲ್ಲಿ, ಸಹಿ ಮತ್ತು ಮೊಹರಿನೊಂದಿಗೆ ದಯಪಾಲಿಸಬೇಕು." ಪಾಸ್‌ಪೋರ್ಟಿನ ನಕಲು ಜೊತೆಗಿಟ್ಟು, ಹೆಸರು ಅದರಲ್ಲಿರುವಂತೆಯೇ ಬರಲಿ ಎಂದು ಕೇಳಿ. ಸೊಸೈಟಿ ಲೆಡ್ಜರಿನಲ್ಲಿ ಇನಿಷಿಯಲ್ ಮಾತ್ರ ಇರುವುದು ಮಾಮೂಲು.

ಕಾಗದ ಕೈಗೆ ಬಂದೊಡನೆ ಬಾಕಿ ಸೊನ್ನೆ ಇದೆಯೇ, ಕೊನೆಯ ಕಂತಿನ ದಿನಾಂಕ ಮತ್ತು ಮೊತ್ತ ಪಾಸ್‌ಬುಕ್ಕಿಗೆ ತಾಳೆಯಾಗುತ್ತದೆಯೇ ನೋಡಿ. ಬಡ್ಡಿಯ ಚಿಲ್ಲರೆ ಉಳಿದು ಖಾತೆ ಮುಚ್ಚದೇ ಇರುವುದೂ ಉಂಟು.

ಪ್ರಮಾಣಪತ್ರ ಕನ್ನಡದಲ್ಲಿದ್ದರೆ ಬ್ರಿಟನ್ನಿಗೆ ಪೂರ್ಣ ಇಂಗ್ಲಿಷ್ ಅನುವಾದವೂ ಬೇಕು. ಅದರಲ್ಲಿ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ, ಅನುವಾದ ನಿಖರವಾಗಿದೆ ಎಂಬ ದೃಢೀಕರಣ ಇರಬೇಕು. ಸೊಸೈಟಿಯವರೇ ಇಂಗ್ಲಿಷಿನಲ್ಲಿ ಕೊಟ್ಟರೆ ಈ ಓಡಾಟವೇ ಇಲ್ಲ.