ಮೂವತ್ತೇ ಗಿರಾಕಿಗಳಿದ್ದಾಗ ಯಾರಿಗಾಗಿ ಪೋಸ್ಟ್?

ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಭಾಗದ ಫೌಂಡ್ರಿಗಳಲ್ಲಿ ಎರಕ ಹೊಯ್ಯುವ ಕಬ್ಬಿಣದ ಭಾಗಗಳನ್ನು ಅಂಗಡಿಯಲ್ಲಿ ಯಾರೂ ಕೊಳ್ಳುವುದಿಲ್ಲ. ಅಂಥ ಒಂದು ಫೌಂಡ್ರಿ ಟ್ರ್ಯಾಕ್ಟರ್, ಜೆಸಿಬಿಗಳ ಹೈಡ್ರಾಲಿಕ್ ವಾಲ್ವ್‌ನ ಹೊರಕವಚ, ಅಂದರೆ ವಾಲ್ವ್ ಬಾಡಿ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಅದನ್ನು ಕೊಳ್ಳುವವರು ಇಟಲಿಯ ಮೊಡೆನಾ, ರೆಜಿಯೊ ಎಮಿಲಿಯಾ ಸುತ್ತಮುತ್ತ ಮತ್ತು ಜರ್ಮನಿಯ ದಕ್ಷಿಣದಲ್ಲಿದ್ದಾರೆ. ಇಂಥದ್ದೇ ಗಾತ್ರದ, ಇಂಥದ್ದೇ ಗುಣಮಟ್ಟದ ಎರಕ ಬೇಕಾದವರ ಪಟ್ಟಿ ಮಾಡಿದರೆ ಸುಮಾರು ಮೂವತ್ತು ಕಂಪನಿಗಳು ಸಿಗುತ್ತವೆ. ಮೊದಲ ವಿಚಾರಣೆಯಿಂದ ಮೊದಲ ಕಂಟೇನರ್ ಹಡಗು ಹತ್ತುವವರೆಗೆ ಒಂದೂವರೆ ಎರಡು ವರ್ಷ ಹಿಡಿದರೆ ಆಶ್ಚರ್ಯವಿಲ್ಲ.

ಅಷ್ಟು ಕಾಲ ಏಕೆ ಬೇಕು ಎಂಬುದು ಗೊತ್ತಾದರೆ ಸೋಷಿಯಲ್ ಮೀಡಿಯಾಕ್ಕೆ ಇಲ್ಲಿ ಏನು ಕೆಲಸ ಎಂಬುದೂ ಗೊತ್ತಾಗುತ್ತದೆ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಡ್ರಾಯಿಂಗ್ ಬರುತ್ತದೆ. ಕೊಟೇಶನ್ ಹೋಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಬೆಲೆ ಒಪ್ಪಿಗೆಯಾದರೆ ಪ್ಯಾಟರ್ನ್ ಮಾಡಿಸಬೇಕು, ಸ್ಯಾಂಪಲ್ ಹೊಯ್ದು ಕಳಿಸಬೇಕು, ಪ್ರತಿ ಅಳತೆಯ ವರದಿ ಕೊಡಬೇಕು. ಅಲ್ಲಿಂದ ಜನ ಬಂದು ಫೌಂಡ್ರಿಯನ್ನು ಆಡಿಟ್ ಮಾಡುತ್ತಾರೆ, ಸಣ್ಣ ಲಾಟ್ ತರಿಸಿ ನೋಡುತ್ತಾರೆ, ಬಳಿಕವೇ ನಿಯಮಿತ ಆರ್ಡರ್. ಒಪ್ಪಿಗೆ ಕೊಡುವವನು ಒಬ್ಬನೇ ಅಲ್ಲ. ಖರೀದಿ ಅಧಿಕಾರಿ ಬೆಲೆ ನೋಡಿದರೆ, ವಿನ್ಯಾಸ ಎಂಜಿನಿಯರ್ ಒಳಗಿನ ಎಣ್ಣೆ ದಾರಿಗಳನ್ನು ನೋಡುತ್ತಾನೆ. ಸರಬರಾಜುದಾರರ ಗುಣಮಟ್ಟ ನೋಡಿಕೊಳ್ಳುವ ಎಂಜಿನಿಯರ್‌ಗೆ ‘ಈ ಫೌಂಡ್ರಿ ನಂಬಿ ನನ್ನ ಲೈನ್ ನಿಂತುಬಿಟ್ಟರೆ?’ ಎಂಬ ಭಯ. ಕಂಪನಿಗೆ ನಾಲ್ಕು ಜನ ಅಂದರೂ ಒಟ್ಟು ನೂರಿಪ್ಪತ್ತು ಮಂದಿ. ಈ ಫೌಂಡ್ರಿಯ ಪೋಸ್ಟ್‌ಗಳನ್ನು ನೋಡಬೇಕಾದವರು ಇಷ್ಟೇ.

ನಮ್ಮಲ್ಲಿ ಸಂಬಂಧ ಕುದುರುವ ಮುಂಚೆ ಗಂಡಿನ ಕಡೆಯವರು ಹೆಣ್ಣಿನ ಊರಲ್ಲಿ ಸದ್ದಿಲ್ಲದೆ ವಿಚಾರಿಸುತ್ತಾರಲ್ಲ, ಕೊಟೇಶನ್ ಕೈಸೇರಿದ ಮೇಲೆ ಈ ನೂರಿಪ್ಪತ್ತು ಮಂದಿ ಮಾಡುವುದೂ ಅದನ್ನೇ. ಅವರು ವಿಚಾರಿಸುವ ಊರು ಲಿಂಕ್ಡ್‌ಇನ್. ಅಲ್ಲಿ ಆರ್ಡರ್ ಸಿಗುವುದಿಲ್ಲ. ಆದರೆ ಕೊಟೇಶನ್‌ಗೂ ಆರ್ಡರ್‌ಗೂ ನಡುವಿನ ದೀರ್ಘ ಮೌನದಲ್ಲಿ ಅವರಿಗೆ ಹುಟ್ಟುವ ಅನುಮಾನಗಳಿಗೆ ಉತ್ತರ ಸಿಗಬಹುದು.

ಹಾಗಾದರೆ ಆ ನೂರಿಪ್ಪತ್ತು ಜನರಿಗೆ ನೇರವಾಗಿ ಜಾಹೀರಾತನ್ನೇ ತೋರಿಸಬಾರದೇಕೆ? ಗಿರಾಕಿಗಳ ಪಟ್ಟಿ ಕೊಟ್ಟು ಅವರಿಗಷ್ಟೇ ಜಾಹೀರಾತು ತೋರಿಸುವ ಸೌಲಭ್ಯ ಲಿಂಕ್ಡ್‌ಇನ್‌ನಲ್ಲಿದೆ. ಆದರೆ ಆ ಪಟ್ಟಿಯಲ್ಲಿ ಕನಿಷ್ಠ 300 ಸದಸ್ಯರು ಸಿಗಬೇಕು, ಇಲ್ಲದಿದ್ದರೆ ಜಾಹೀರಾತು ಓಡುವುದೇ ಇಲ್ಲ. ಒಪ್ಪಿಗೆ ಕೇಳದೆ ಮಾರಾಟದ ಇಮೇಲ್ ಕಳಿಸುವುದಕ್ಕೆ ಜರ್ಮನಿಯ ಕಾನೂನು ಒಪ್ಪುವುದಿಲ್ಲ, ಅದು ಕಂಪನಿಯಿಂದ ಕಂಪನಿಗೆ ಹೋದರೂ ಅಷ್ಟೇ. ಹೀಗಾಗಿ ಉಳಿಯುವುದು ನಿಧಾನದ ದಾರಿ: ಮಾಲೀಕರು ಮತ್ತು ಎರಕದ ವಿಧಾನ ನಿರ್ಧರಿಸುವ ಎಂಜಿನಿಯರ್ ತಮ್ಮ ತಮ್ಮ ಹೆಸರಿನಲ್ಲಿ ಆ ಜನರ ಪರಿಚಯ ಬೆಳೆಸಿಕೊಂಡು, ತಿಂಗಳಿಗೆ ಎರಡು ಸಲ ಕೆಲಸದ ಮಾತು ಬರೆಯುವುದು. ಕಂಪನಿಯ ಪುಟದಲ್ಲಿ ವಿಳಾಸ, ಸಾಮರ್ಥ್ಯ, ಪ್ರಮಾಣಪತ್ರಗಳು ಸರಿಯಾಗಿದ್ದರೆ ಸಾಕು. ಜನ ಓದುವುದು ಮನುಷ್ಯರು ಬರೆದದ್ದನ್ನು.

ಏನು ಬರೆಯಬೇಕು? ಒಂದು ಉದಾಹರಣೆ ನೋಡೋಣ. ವಾಲ್ವ್ ಬಾಡಿಯೊಳಗೆ ಎಣ್ಣೆ ಹರಿಯುವ ಡೊಂಕು ದಾರಿಗಳನ್ನು ಮರಳಿನ ಕೋರ್ ಇಟ್ಟು ಮೂಡಿಸುತ್ತಾರೆ. ಕರಗಿದ ಕಬ್ಬಿಣ ಸುತ್ತುವರಿದಾಗ ಕೋರ್ ಕಾಯುತ್ತದೆ. ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಲಿಕಾ ಮರಳಿನ ಹರಳು ರೂಪ ಬದಲಿಸಿ ಒಮ್ಮೆಲೇ ಹಿಗ್ಗುತ್ತದೆ. ಕೋರ್‌ನ ಮೈ ಬಿರುಕು ಬಿಡುತ್ತದೆ, ಬಿರುಕಿಗೆ ಕಬ್ಬಿಣ ನುಗ್ಗುತ್ತದೆ, ಎಣ್ಣೆ ದಾರಿಯ ಒಳಗೋಡೆಯಲ್ಲಿ ತೆಳ್ಳಗಿನ ಏಣು ಉಳಿದುಬಿಡುತ್ತದೆ. ಹೊರಗಿನಿಂದ ಇದು ಕಾಣುವುದೇ ಇಲ್ಲ. ಮುಂದೆಂದೋ ಆ ಏಣು ಮುರಿದು ಎಣ್ಣೆಯ ಜತೆ ಹರಿದರೆ ವಾಲ್ವ್ ಒಳಗಿನ ಸ್ಪೂಲ್ ಸಿಕ್ಕಿಕೊಳ್ಳುತ್ತದೆ, ಹೊಲದ ನಡುವೆ ಟ್ರ್ಯಾಕ್ಟರ್‌ನ ಲಿಫ್ಟ್ ಏಳುವುದಿಲ್ಲ.

ಈ ಫೌಂಡ್ರಿಯ ಎಂಜಿನಿಯರ್ ತನ್ನದೇ ಪರೀಕ್ಷಾ ತುಂಡೊಂದನ್ನು ಹೊಯ್ದು, ಕೊಯ್ದು, ಒಳಗಿನ ಏಣನ್ನು ತೋರಿಸುತ್ತಾನೆ. ಕೋರ್ ಮರಳಿಗೆ ಏನು ಬೆರೆಸಿದ, ಮೇಲಿನ ಲೇಪವನ್ನು ಹೇಗೆ ಬದಲಿಸಿದ ಎಂಬುದನ್ನು ನಾಲ್ಕು ಸಾಲಲ್ಲಿ ಹೇಳುತ್ತಾನೆ. ತೆಳುವಾದ ಕ್ಯಾಮೆರಾ ಕೊಳವೆಯನ್ನು ಹೊಸ ತುಂಡಿನ ದಾರಿಯೊಳಗೆ ತೂರಿಸಿ ಅರ್ಧ ನಿಮಿಷದ ವೀಡಿಯೊ ಹಾಕುತ್ತಾನೆ. ಇದಕ್ಕೆ ಇಪ್ಪತ್ತು ಲೈಕ್ ಬರಬಹುದು. ಆದರೆ ಮೊಡೆನಾದ ವಿನ್ಯಾಸ ಎಂಜಿನಿಯರ್ ‘ಆರು ಮಿಲಿಮೀಟರ್ ದಾರಿಯಲ್ಲೂ ಇದು ನಡೆಯುತ್ತದೆಯೇ?’ ಎಂದು ಕೇಳಿದರೆ ಆ ತಿಂಗಳ ದುಡಿಮೆ ಸಾರ್ಥಕ. ಅದೇ ಎಂಜಿನಿಯರ್ ನವೆಂಬರ್‌ನಲ್ಲಿ ಬೊಲೊನ್ಯಾದ ಐಮಾ ಕೃಷಿಯಂತ್ರ ಮೇಳಕ್ಕೋ, ಹ್ಯಾನೋವರ್‌ನ ಅಗ್ರಿಟೆಕ್ನಿಕಾಕ್ಕೋ ಬರುವವನು. ಮೇಳದಲ್ಲಿ ಸಿಗುವ ಹತ್ತು ನಿಮಿಷ ಪರಿಚಯ ಹೇಳಿಕೊಳ್ಳುವುದರಲ್ಲಿ ಕಳೆಯದೆ ಆ ಆರು ಮಿಲಿಮೀಟರ್ ದಾರಿಯಿಂದಲೇ ಶುರುವಾಗುತ್ತದೆ.

ಕೆಡುವುದು ಹೆಚ್ಚಾಗಿ ಫೋಟೋಗಳಲ್ಲಿ. ಹೊಸ ಗಿರಾಕಿ ಸಿಕ್ಕ ಖುಷಿಗೆ ಅವನ ಭಾಗವನ್ನೇ ಕೈಯಲ್ಲಿ ಹಿಡಿದು ತೆಗೆದ ಚಿತ್ರ ಹಾಕಿದರೆ, ಎರಕದ ಮೇಲೆ ಉಬ್ಬಿ ನಿಂತ ಪಾರ್ಟ್ ನಂಬರ್ ಜಗತ್ತಿಗೆಲ್ಲ ಕಾಣುತ್ತದೆ. ಗೋಪ್ಯತೆಯ ಒಪ್ಪಂದ ಅಲ್ಲಿಗೆ ಮುರಿಯಿತು. ಹಿನ್ನೆಲೆಯಲ್ಲಿ ಇನ್ನೊಬ್ಬ ಗಿರಾಕಿಯ ಪೆಟ್ಟಿಗೆಯ ಲೇಬಲ್ ಕಂಡರೂ ಅಷ್ಟೇ. ಇದಕ್ಕಿಂತ ದುಬಾರಿ ತಪ್ಪು, ಚಪ್ಪಲಿ ಹಾಕಿಕೊಂಡು ಲ್ಯಾಡಲ್ ಹಿಡಿದ ಕಾರ್ಮಿಕನ ಚಿತ್ರ. ಕಿಡಿ ಹಾರುವ ಅಂಥ ಫೋಟೋ ನಮ್ಮ ಕಣ್ಣಿಗೆ ಚೆಂದ. ಆದರೆ 2023ರಲ್ಲಿ ಜಾರಿಗೆ ಬಂದ ಜರ್ಮನಿಯ ಪೂರೈಕೆ ಸರಪಳಿ ಕಾನೂನು, ಸರಬರಾಜುದಾರರಲ್ಲಿ ಕಾರ್ಮಿಕರ ಸುರಕ್ಷತೆ ಹೇಗಿದೆ ಎಂಬುದನ್ನು ದೊಡ್ಡ ಕಂಪನಿಗಳ ಹೊಣೆಯಾಗಿಸಿದೆ. ಆಡಿಟ್‌ಗೆ ಬರುವ ಮುಂಚೆಯೇ ಆ ಒಂದು ಚಿತ್ರ ಫೈಲು ಮುಚ್ಚಿಸಬಹುದು. ಪೋಸ್ಟ್ ಹಾಕುವ ಮುನ್ನ ಗುಣಮಟ್ಟ ವಿಭಾಗದವರೊಬ್ಬರು ಚಿತ್ರವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಬೇಕು. ಆಯುಧ ಪೂಜೆಯ ಫೋಟೋ ಹಾಕಿದರೆ ತಪ್ಪೇನಿಲ್ಲ, ಊರಿನ ಹುಡುಗರು ಕೆಲಸಕ್ಕೆ ಬರಲು ಅದು ನೆರವಾದೀತು. ಆದರೆ ಮೊಡೆನಾದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಲೆಕ್ಕ ಇಡುವ ಬಗೆಯೂ ಬೇರೆ. ಫಾಲೋವರ್‌ಗಳ ಸಂಖ್ಯೆ ಏರುತ್ತಿದ್ದರೂ ಅವರು ಕೊಲ್ಹಾಪುರ, ರಾಜಕೋಟ್, ಕೊಯಮತ್ತೂರಿನ ಎರಕದವರು, ಯಂತ್ರ ಮಾರುವವರು, ಕೆಲಸ ಹುಡುಕುವವರೇ ಆಗಿದ್ದರೆ ಪೋಸ್ಟ್ ದಾರಿ ತಪ್ಪಿದೆ ಎಂದರ್ಥ. ಒಂದು ಎಕ್ಸೆಲ್ ಹಾಳೆಯಲ್ಲಿ ಮೂವತ್ತು ಕಂಪನಿಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಮೂರು ಸಂಗತಿ ದಾಖಲಿಸಿದರೆ ಸಾಕು: ಅಲ್ಲಿ ಎಷ್ಟು ಜನರ ಪರಿಚಯವಾಗಿದೆ, ಯಾರು ಯಾವ ಪ್ರಶ್ನೆ ಕೇಳಿದರು, ಡ್ರಾಯಿಂಗ್ ಬಂತೇ. ಒಂದು ಕಂಪನಿಯಲ್ಲಿ ಒಬ್ಬರದೇ ಪರಿಚಯವಿದ್ದು ಅವರು ಕೆಲಸ ಬಿಟ್ಟರೆ ಎರಡು ವರ್ಷದ ಶ್ರಮ ನೀರುಪಾಲು. ಆದ್ದರಿಂದ ಪ್ರತಿ ಕಂಪನಿಯಲ್ಲೂ ಕನಿಷ್ಠ ಇಬ್ಬರು, ಅದೂ ಬೇರೆ ಬೇರೆ ವಿಭಾಗದವರು ಇರಬೇಕು.

ಒಂದು ವರ್ಷವಾದ ಮೇಲೆ ಆ ಹಾಳೆ ತೆರೆದರೆ ಕಾಯಿಲೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಪರಿಚಯಗಳೇ ಆಗಿಲ್ಲವಾದರೆ ಪಟ್ಟಿ ತಪ್ಪು. ಪರಿಚಯವಾಗಿಯೂ ಪ್ರಶ್ನೆ ಬರದಿದ್ದರೆ ಬರಹದಲ್ಲಿ ಹುರುಳಿಲ್ಲ. ಪ್ರಶ್ನೆಗಳು, ಡ್ರಾಯಿಂಗ್‌ಗಳು ಬಂದೂ ಆರ್ಡರ್ ಆಗುತ್ತಿಲ್ಲವಾದರೆ ತೊಡಕು ಬೆಲೆಯಲ್ಲಿದೆ, ಇಲ್ಲವೇ ಸ್ಯಾಂಪಲ್‌ನಲ್ಲಿದೆ. ಅದನ್ನು ಸರಿಪಡಿಸಬೇಕಾದದ್ದು ಶಾಪ್ ಫ್ಲೋರ್‌ನಲ್ಲಿ. ಇನ್ನೆಷ್ಟು ಪೋಸ್ಟ್ ಹಾಕಿದರೂ ಅದು ಸರಿಹೋಗದು.