ಅಜ್ಜಿಯ ಫೋಟೋಗಳು ಇರುವುದೆಲ್ಲಿ?

ಪ್ರಶ್ನೆ: ಫೋಟೋಗಳೆಲ್ಲ ಕ್ಲೌಡ್‌ನಲ್ಲಿವೆ ಅಂತಾನೆ ಮೊಮ್ಮಗ. ಹಾಗಾದರೆ ಮೊಬೈಲಿನಲ್ಲಿರುವುದನ್ನು ಅಳಿಸಿಬಿಡಲೇ?

ಅಜ್ಜಿ, ಸ್ವಲ್ಪ ತಡೆಯಿರಿ. ಕ್ಲೌಡ್ ಅಂದರೆ ಕಂಪನಿಯೊಂದರ ದೊಡ್ಡ ಕಟ್ಟಡದಲ್ಲಿ ಹಗಲೂ ರಾತ್ರಿ ಓಡುವ ಕಂಪ್ಯೂಟರುಗಳು. ನೀವು ತೆಗೆದ ಫೋಟೋದ ಒಂದು ಪ್ರತಿ ಇಂಟರ್‌ನೆಟ್ ಮೂಲಕ ಅಲ್ಲಿಗೆ ಹೋಗಿ ಉಳಿಯುತ್ತದೆ. ಮೊಬೈಲು ಕಳೆದುಹೋದರೂ ಹೊಸದರಲ್ಲಿ ನಿಮ್ಮ ಖಾತೆ ತೆರೆದರೆ ಸಿಗುತ್ತದೆ. ಆದರೆ ಗೂಗಲ್ ಫೋಟೋಸ್‌ನಲ್ಲಿ ಮರಿಮಗಳ ನಾಮಕರಣದ ಫೋಟೋ ಡಿಲೀಟ್ ಮಾಡಿದರೆ ಅಲ್ಲಿಯ ಪ್ರತಿಯೂ ಹೋಗುತ್ತದೆ. ಅದು 60 ದಿನ ‘Bin’ನಲ್ಲಿರುತ್ತದೆ, ಅಷ್ಟರೊಳಗೆ ವಾಪಸ್ ತರಬಹುದು, ಆಮೇಲೆ ಆಗದು. ಜಾಗ ಮಾತ್ರ ಬೇಕಿದ್ದರೆ, ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ ‘Backup complete’ ಅಂತಿದೆಯೇ ನೋಡಿ. ಇದ್ದರೆ ‘Free up space’ ಒತ್ತಿ. ಅದು ಕ್ಲೌಡ್ ಸೇರಿದ ಫೋಟೋಗಳನ್ನು ಮೊಬೈಲಿನಿಂದಷ್ಟೇ ತೆಗೆಯುತ್ತದೆ.